ದಯವಿಟ್ಟು ಮೇಡಂ

ಅವರಿಗೆ ಆ ಅಡ್ಡಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಎರಡನೆಯ ವಾರದಲ್ಲೇ. ಅಂದು ಒಬ್ಬ ದಂತವೈದ್ಯರು ಅಜ್ಜಿಯೊಬ್ಬರಿಗೆ ಬಾಯಿ ತೆರೆಯಿರಿ ಎಂದು ಹೇಳಬೇಕಿತ್ತು. ಇಂಗ್ಲಿಷಿನವರ ವಾಡಿಕೆಯಂತೆ ಅದನ್ನೇ ನಾಲ್ಕು ಸುತ್ತು ಸುತ್ತಿ, ವಿನಯದಿಂದ ಕೇಳಿದರು. ಫೋನಿನ ಈ ತುದಿಯಲ್ಲಿ ದುಭಾಷಿಯಾಗಿ ಕೂತಿದ್ದ ನಮ್ಮ ಮೇಡಂ ಒಂದು ಸುತ್ತನ್ನೂ ಬಿಡಲಿಲ್ಲ. "ತಮ್ಮ ಅಭ್ಯಂತರವಿಲ್ಲದಿದ್ದಲ್ಲಿ, ದಯವಿಟ್ಟು ತಮ್ಮ ಬಾಯಿಯನ್ನು ಕೊಂಚ ಅಗಲವಾಗಿ ತೆರೆಯಲು ಸಾಧ್ಯವಾಗಬಹುದೇ?" ಅಂದರು. ಅಜ್ಜಿಗೆ ಎದೆ ಧಸಕ್ಕೆಂದಿತು. "ಯಾಕಮ್ಮಾ, ನಾನೇನು ತಪ್ಪು ಮಾಡಿದೆ?" ಎಂದು ಕೇಳಿ, ಇದ್ದ ಬಾಯನ್ನೂ ಬಿಗಿಯಾಗಿ ಮುಚ್ಚಿಕೊಂಡರು.

ಪಕ್ಕದ ಕುರ್ಚಿಗಳ ದುಭಾಷಿಗಳು ಅಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ, "ದಯವಿಟ್ಟು ಮೇಡಂ, ತಮ್ಮ ಅಭ್ಯಂತರವಿಲ್ಲದಿದ್ದಲ್ಲಿ ಉಪ್ಪಿನಕಾಯಿಯನ್ನು ಇತ್ತ ಸರಿಸಲು ಸಾಧ್ಯವೇ?" ಎಂದು ನಕ್ಕರು. ಮೇಡಂ ಕೂಡ ನಕ್ಕರು. ಆದರೆ ಒಳಗೊಳಗೆ, ನಗುವವರು ನಗಲಿ, ಕೆಲಸ ಮಾತ್ರ ನಾನು ಅಚ್ಚುಕಟ್ಟಾಗಿ ಮಾಡುತ್ತಿದ್ದೇನೆ ಎಂದೇ ಅವರಿಗೆ ಅನ್ನಿಸಿತ್ತು.

ಅವರ ಕೆಲಸ ಫೋನಿನಲ್ಲಿ ಮಾತು ದಾಟಿಸುವುದು. ಯಾವುದೋ ಆಸ್ಪತ್ರೆಯಲ್ಲಿ ಇಂಗ್ಲಿಷ್ ಮಾತ್ರ ಬಲ್ಲ ಡಾಕ್ಟರು, ಕನ್ನಡ ಮಾತ್ರ ಬಲ್ಲ ರೋಗಿ. ಇಬ್ಬರ ನಡುವಿನ ಮೇಜಿನ ಮೇಲೆ ಒಂದು ಸ್ಪೀಕರು. ಆ ಸ್ಪೀಕರಿನೊಳಗಿನ ದನಿ ಇವರದು. ತೆಳ್ಳನೆಯ ತಡಿಕೆಗಳಿಂದ ಹನ್ನೆರಡು ಗೂಡು ಮಾಡಿದ ಒಂದು ಕೋಣೆ, ಕಿವಿಗೆ ಹೆಡ್‌ಫೋನು, ಎದುರಿಗೆ ಒಂದು ಲೋಟ ನೀರು. ಕಣ್ಣೆದುರು ಅಂಟಿಸಿದ ಚೀಟಿಯಲ್ಲಿ ಮೂರು ನಿಯಮ: ಕೋಣೆಯಲ್ಲಿ ಆಡಿದ ಮಾತನ್ನೆಲ್ಲ ದಾಟಿಸಬೇಕು. ಆಡದ ಮಾತನ್ನು ಸೇರಿಸಬಾರದು. ಡಾಕ್ಟರು ಇಲ್ಲದಾಗ ರೋಗಿಯ ಜೊತೆ ಹರಟೆ ಕೂಡದು.

ಇದಕ್ಕೆ ಮುಂಚೆ ಮೇಡಂ ಇಪ್ಪತ್ತೆರಡು ವರ್ಷ ಒಂದು ದೊಡ್ಡ ಕಚೇರಿಯಲ್ಲಿ ಪತ್ರ, ಪ್ರಕಟಣೆ ಬರೆದವರು. ಸಾರ್ವಜನಿಕರು ಸಾಲಿನಲ್ಲಿ ನಿಂತು ಸಹಕರಿಸಬೇಕಾಗಿ ವಿನಂತಿ ಎನ್ನುವ ಬಗೆಯ ವಾಕ್ಯಗಳು ಅವರ ಬೆರಳ ತುದಿಯಲ್ಲಿ ಸಾಲಾಗಿ ನಿಂತು ಸಹಕರಿಸುತ್ತಿದ್ದವು. ಕನ್ನಡದಲ್ಲಿ ಮರ್ಯಾದೆ ಎಂದರೆ ಅವರ ಪಾಲಿಗೆ ಅದೇ. ಇಂಗ್ಲಿಷಿನವರು 'ಕುಡ್ ಯು ಪಾಸಿಬ್ಲಿ' ಎಂದು ಬಾಯ್ತುಂಬ ಕೇಳಿದಾಗ ಆ 'ಪಾಸಿಬ್ಲಿ'ಯನ್ನು ದಾರಿಯಲ್ಲಿ ಬೀಳಿಸಿ ಬರುವುದು ಅವರ ದೃಷ್ಟಿಯಲ್ಲಿ ಕಳ್ಳತನ. ಹಾಗಾಗಿ ಒಂದೊಂದು 'ಪಾಸಿಬ್ಲಿ'ಗೂ ಒಂದೊಂದು 'ಸಾಧ್ಯವಾದಲ್ಲಿ', ಒಂದೊಂದು 'ವುಡ್ ಯು ಮೈಂಡ್'ಗೂ ಒಂದೊಂದು 'ಅಭ್ಯಂತರವಿಲ್ಲದಿದ್ದಲ್ಲಿ'. ಒಮ್ಮೆ ಒಬ್ಬ ಮುದುಕರು ಅಂಗಿ ಬಿಚ್ಚಲು ಹೇಳಿದ್ದಕ್ಕೆ, "ಅಭ್ಯಂತರ ಇದೆ, ಚಳಿ" ಎಂದು ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ಅದನ್ನೂ ಮೇಡಂ ಅಷ್ಟೇ ಪ್ರಾಮಾಣಿಕವಾಗಿ ಇಂಗ್ಲಿಷಿಗೆ ಹಾಕಿದರು. ಡಾಕ್ಟರು ಸ್ಟೆತಸ್ಕೋಪು ಹಿಡಿದು ಸುಮ್ಮನೆ ಕೂತರು.

ಇದೆಲ್ಲ ನಗೆಗೆ ಆಯಿತು. ನಗೆ ನಿಂತದ್ದು ಬಸ್ಸಿನ ಡ್ರೈವರನ ದಿನ.

ಅಂದು ಬೆಳಗ್ಗೆ ಹನ್ನೊಂದರ ಕರೆ ಕಣ್ಣಿನ ಆಸ್ಪತ್ರೆಯಿಂದ ಬಂತು. ರೋಗಿ ಊರೊಳಗಿನ ಬಸ್ಸನ್ನು ಇಪ್ಪತ್ತೇಳು ವರ್ಷ ಓಡಿಸಿದವನು. ವರ್ಷಕ್ಕೊಮ್ಮೆ ಮಾಡುವ ತಪಾಸಣೆಯಲ್ಲಿ ಯಾರಿಗೋ ಅನುಮಾನ ಬಂದು, ಪಕ್ಕದ ನೋಟ ಸರಿಯಾಗಿದೆಯೇ ನೋಡಿ ಎಂದು ಇಲ್ಲಿಗೆ ಕಳಿಸಿದ್ದರು. ಜೊತೆಗೆ ಅವನ ಅಕ್ಕ ಬಂದಿದ್ದಳು. ಪಕ್ಕದ ನೋಟ ಕೆಟ್ಟಿದೆ ಎಂದಾದರೆ ಸ್ಟೀರಿಂಗು ಅವತ್ತಿಗೇ ಕೈಬಿಟ್ಟಂತೆ. ಇದು ಅವನಿಗೂ ಗೊತ್ತಿತ್ತು, ಮೇಡಂಗೂ ಗೊತ್ತಾಯಿತು.

ಪರೀಕ್ಷೆ ಕೇಳಲು ಸುಲಭ. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ನಡುವಿನ ಹಳದಿ ದೀಪವನ್ನೇ ದಿಟ್ಟಿಸಬೇಕು. ಸುತ್ತಮುತ್ತ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಮಿನುಗಿ ಮಾಯವಾಗುತ್ತದೆ. ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಚುಕ್ಕಿಗಳಲ್ಲಿ ಅರ್ಧದಷ್ಟು ಬೇಕೆಂದೇ ತೀರಾ ಮಂಕು. ಎಷ್ಟು ಮಂಕಾದರೆ ಕಾಣದು ಎಂದು ಅಳೆಯುವುದೇ ಯಂತ್ರದ ಕೆಲಸ. ಹಾಗಾಗಿ 'ಕಂಡ ಹಾಗಾಯಿತು' ಎನ್ನಿಸಿದರೂ ಒತ್ತುವ ಧೈರ್ಯ ಬೇಕು.

ಪರೀಕ್ಷೆ ಮಾಡುವ ಹೆಂಗಸು ಇದನ್ನೆಲ್ಲ ಬೆಣ್ಣೆಯಂಥ ಇಂಗ್ಲಿಷಿನಲ್ಲಿ ಹೇಳಿದಳು. ಚುಕ್ಕಿಯೊಂದು ಇದ್ದಿರಬಹುದೇನೋ ಅನ್ನಿಸಿದರೂ ನನಗೋಸ್ಕರ ಗುಂಡಿ ಒತ್ತುತ್ತೀರಾ, ತಪ್ಪಿಹೋದರೆ ಚಿಂತೆಯೇ ಬೇಡ, ಎಲ್ಲರಿಗೂ ತಪ್ಪುತ್ತದೆ ಎನ್ನುವ ಅರ್ಥದಲ್ಲಿ. ನಡುವೆ ಒಂದು 'ಪಾಸಿಬ್ಲಿ', ಒಂದು 'ಪರ್ಹ್ಯಾಪ್ಸ್' ಕೂಡ ಇದ್ದವು.

ಮೇಡಂ ಗಂಟಲು ಸರಿಮಾಡಿಕೊಂಡು ಉಳಿದದ್ದನ್ನೆಲ್ಲ ದಾಟಿಸಿ, ಕೊನೆಗೆ ಗುಂಡಿಯ ಮಾತಿಗೆ ಬಂದರು. "ತಮಗೆ ಬೆಳಕಿನ ಬಿಂದುವು ಪ್ರಾಯಶಃ ಗೋಚರಿಸಿತೆಂದು ಭಾವಿಸಿದಲ್ಲಿ, ಸಾಧ್ಯವಾದರೆ ನನ್ನ ಸಲುವಾಗಿ ದಯವಿಟ್ಟು ಗುಂಡಿಯನ್ನು ಒತ್ತಬೇಕಾಗಿ ವಿನಂತಿ. ತಪ್ಪಿದಲ್ಲಿ ಚಿಂತಿಸುವ ಅಗತ್ಯವಿರುವುದಿಲ್ಲ, ಸರ್ವರಿಗೂ ತಪ್ಪುವುದು ಸಹಜವಾಗಿರುತ್ತದೆ."

ಒಂದು ಪದವೂ ಬಿದ್ದಿರಲಿಲ್ಲ. "ಆಗಲಿ ಮೇಡಂ" ಎಂದ ಡ್ರೈವರು. ಯಂತ್ರ ಗುಂಯ್‌ಗುಟ್ಟಿತು. ಗುಂಡಿಯ ಟಿಕ್ ಸದ್ದು ಎಲ್ಲೋ ಒಮ್ಮೆ ಕೇಳಿಸುತ್ತಿತ್ತು, ಮತ್ತೆ ಬಹಳ ಹೊತ್ತು ಇಲ್ಲ. ಎರಡು ಕಣ್ಣು ಮುಗಿದ ಮೇಲೆ ಆ ಹೆಂಗಸು ಯಂತ್ರ ಕೊಟ್ಟ ಹಾಳೆ ಹಿಡಿದು ಡಾಕ್ಟರನ್ನು ಕರೆಯಲು ಹೋದಳು. ಕರೆ ಮಾತ್ರ ಕತ್ತರಿಸಿರಲಿಲ್ಲ.

"ಏನೋ, ಅಷ್ಟು ಕಡಿಮೆ ಒತ್ತಿದೆ?" ಅಕ್ಕನ ದನಿ ಬಂತು.

"ಏನು ಮಾಡ್ಲಿ ಅಕ್ಕಾ? ಒಂದೊಂದ್ಸಲ ಏನೋ ಮಿಣಕ್ ಅಂದಂಗಾಗೋದು. ಒತ್ತೋಣ ಅನ್ಸೋದು. ಆದ್ರೆ ಆ ಮೇಡಂ ಗೋಚರಿಸಿತೆಂದು ಭಾವಿಸಿದಲ್ಲಿ ಅಂತ ಹೇಳಿದ್ರಲ್ಲ, ಕೋರ್ಟಲ್ಲಿ ಪ್ರಮಾಣ ಮಾಡಿಸಿದಂಗಾಯ್ತು ನಂಗೆ. ನಾಳೆ ಸುಳ್ಳು ಒತ್ತಿದ್ದೀಯಾ ಅಂತ ಹಿಡ್ಕೊಂಡ್ರೆ? ನೂರಕ್ಕೆ ನೂರು ಗೊತ್ತಾದಾಗ ಮಾತ್ರ ಒತ್ತಿದೆ."

ಮೇಡಂ ಕೈ ನೀರಿನ ಲೋಟದ ಮೇಲೆ ಹಾಗೇ ನಿಂತಿತು. ಹೇಳಿಬಿಡಲೇ ಎಂದು ಬಾಯಿಗೆ ಬಂದದ್ದನ್ನು ಚೀಟಿಯ ಮೂರನೆಯ ನಿಯಮ ತಡೆಯಿತು. ತಾನು ಒಂದು ಪದವನ್ನೂ ಬೀಳಿಸದೆ ದಾಟಿಸಿದೆ ಎಂದುಕೊಂಡಿದ್ದರಲ್ಲಿ, 'ಹೆದರಬೇಡಿ, ಒತ್ತಿ' ಎನ್ನುವ ಮುಖ್ಯ ವಿಷಯವೇ ಬಿದ್ದುಹೋಗಿದೆ ಎಂದು ಅವರಿಗೆ ಆಗ ಹೊಳೆಯಿತು. ಇಷ್ಟು ವರ್ಷದ ಹೆಮ್ಮೆ ಒಂದೇ ಏಟಿಗೆ ಮಣ್ಣುಪಾಲಾಯಿತು.

ಡಾಕ್ಟರು ಬಂದರು. ಹಾಳೆಯಲ್ಲಿ ಅಂಚಿನುದ್ದಕ್ಕೂ ಕಪ್ಪಿದೆ, ಅಂದರೆ ಪಕ್ಕದ ಚುಕ್ಕಿಗಳು ಕಂಡಿಲ್ಲ ಎಂದರು. ಸದ್ಯಕ್ಕೆ ಬಸ್ಸು ಓಡಿಸದಿರುವುದೇ ಲೇಸೇನೋ, ಕಂಪನಿಗೆ ಪತ್ರ ಬರೆಯಬೇಕಾಗಬಹುದು ಎಂದು ಮೆತ್ತಗೆ ಹೇಳಿದರು. ಮೇಡಂ ದಾಟಿಸಿದರು. ಆಮೇಲೆ ಡ್ರೈವರು, "ಸರಿ" ಎಂದ. ಇಪ್ಪತ್ತೇಳು ವರ್ಷಕ್ಕೆ ಅವನು ಕೊಟ್ಟ ಉತ್ತರ ಅಷ್ಟೇ.

ದುಭಾಷಿ ತನ್ನ ಮಾತು ಆಡಬೇಕಾದರೆ ಅದಕ್ಕೂ ಒಂದು ಕ್ರಮವಿದೆ. ತಾನು ತಪ್ಪಿದ್ದು ಗೊತ್ತಾದರೆ ತಿದ್ದಲೇಬೇಕು. ಮಾತು ಯಾರದು ಎಂದು ಮೊದಲು ಹೇಳಬೇಕು, ಎರಡೂ ಭಾಷೆಯಲ್ಲಿ ಹೇಳಬೇಕು. ಮೇಡಂ ಹಾಗೇ ಮಾಡಿದರು. "ಇದು ದುಭಾಷಿಯ ಮಾತು" ಎಂದು ಶುರುಮಾಡಿ, ಪರೀಕ್ಷೆಗೆ ಮುಂಚೆ ಹೇಳಿದ ಸೂಚನೆ ಇಂಗ್ಲಿಷಿನಲ್ಲಿ ಹಗುರವಾಗಿತ್ತು, ಧೈರ್ಯ ತುಂಬುವಂತಿತ್ತು, ತಾನು ಅದನ್ನು ಕನ್ನಡದಲ್ಲಿ ಕಚೇರಿಯ ಆಜ್ಞೆಯ ಹಾಗೆ ಮಾಡಿದೆ, ಕೇಳಿದವರು ಖಚಿತವಿದ್ದರೆ ಮಾತ್ರ ಒತ್ತಬೇಕು ಎಂದು ತಿಳಿದಿರಬಹುದು, ಎಂದರು. ಕದ್ದು ಕೇಳಿಸಿಕೊಂಡದ್ದನ್ನು ಹೇಳಲಿಲ್ಲ. ತಪ್ಪು ತಮ್ಮದಾಗಿದ್ದರಿಂದ ಅದರ ಅಗತ್ಯವೂ ಇರಲಿಲ್ಲ.

ಡಾಕ್ಟರು ಯೋಚಿಸಿದರು. ಕಣ್ಣಿನ ಹಿಂದಿನ ನರ ಆರೋಗ್ಯವಾಗಿಯೇ ಕಂಡಿತ್ತು, ಒತ್ತಡವೂ ಸರಿಯಿತ್ತು, ಹಾಳೆ ಮಾತ್ರ ಇಷ್ಟು ಕಪ್ಪಗಿರುವುದು ತಮಗೂ ವಿಚಿತ್ರವೆನಿಸಿತ್ತು ಎಂದರು. ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ಬಸ್ಸು ಬೇಡ, ಪತ್ರವೂ ಬೇಡ. ಅಕ್ಕ ತಮ್ಮ ಹೊರಗೆ ಹೋದ ಮೇಲೆ, ಅಂದೂ ಇದೇ ದುಭಾಷಿ ಸಿಗಬಹುದೇ ಎಂದು ಕೇಳಿದರು. ಸಿಗುತ್ತಾರೆ ಎಂದು ಮೇಡಂ ತಾವೇ ತಮ್ಮ ಬಗ್ಗೆ ಹೇಳಿ ಕರೆ ಮುಗಿಸಿದರು.

ಈಗ ಹತ್ತು ದಿನ ಇವರ ತಲೆಯಲ್ಲಿ ಒಂದೇ ಹುಳು. ದಯವಿಟ್ಟು ಬಿಟ್ಟರೆ ಒರಟು, ಇಟ್ಟರೆ ನೋಟಿಸು. ಹಾಗಾದರೆ ಕನ್ನಡದಲ್ಲಿ ಮೆತ್ತಗೆ ಕೇಳುವುದು ಹೇಗೆ? ಐವತ್ತನಾಲ್ಕು ವರ್ಷ ಆ ಭಾಷೆಯಲ್ಲೇ ಉಂಡು ಮಲಗಿದವರಿಗೆ ಬಂದ ಪ್ರಶ್ನೆ ನೋಡಿ.

ಉತ್ತರ ಮನೆಯಲ್ಲೇ ಕೂತಿತ್ತು. ಅವರ ಅತ್ತೆಗೆ ಎಪ್ಪತ್ತೆಂಟು. ಕೂತ ಕುರ್ಚಿಯಿಂದ ಏಳದೆ ಬೀದಿಯವರ ಕೈಯಲ್ಲೆಲ್ಲ ಕೆಲಸ ಮಾಡಿಸುವ ಗಟ್ಟಿಗಿತ್ತಿ, ಆದರೂ ಯಾರೂ ಮುಖ ಸಿಂಡರಿಸಿದ್ದಿಲ್ಲ. ಆ ಭಾನುವಾರ ಫ್ಯಾನು ರಿಪೇರಿಗೆ ಎಲೆಕ್ಟ್ರಿಷಿಯನ್ ಬಂದಿದ್ದ. ಕೆಲಸ ಮುಗಿಸಿ ಏಣಿ ಇಳಿಯಬೇಕು, ಅಷ್ಟರಲ್ಲಿ ಅತ್ತೆ ರಾಗ ಎಳೆದರು.

"ಏನಪ್ಪಾ, ಹೇಗೂ ಮೇಲಿದ್ದೀಯಲ್ಲ, ಆ ಅಟ್ಟದ ಮೇಲಿನ ಡಬ್ಬ ಒಂಚೂರು ಈಚೆ ಕೊಟ್ಬಿಡ್ತೀಯಾ?"

"ಅದಕ್ಕೆ ಕೇಳ್ಬೇಕಾ ಅಜ್ಜಿ, ತಗೊಳ್ಳಿ" ಎಂದು ಅವನು ಡಬ್ಬದ ಜೊತೆ ಹಳೆಯ ಪಾತ್ರೆ ಎರಡನ್ನೂ ಇಳಿಸಿಕೊಟ್ಟ, ಧೂಳನ್ನೂ ಒರೆಸಿದ.

ಮೇಡಂ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ವಾಕ್ಯವನ್ನು ಹಾಲಿನ ಚೀಟಿಯ ಹಿಂಬದಿ ಬರೆದುಕೊಂಡರು. ಹುಡುಕಿದರೂ ಒಂದು ದಯವಿಟ್ಟು ಇಲ್ಲ, ಒಂದು ಸಾಧ್ಯವೇ ಇಲ್ಲ. ಕರೆದ 'ಅಪ್ಪಾ'ದಲ್ಲಿ ಸಲಿಗೆಯಿದೆ. 'ಹೇಗೂ ಮೇಲಿದ್ದೀಯಲ್ಲ' ಎನ್ನುವುದರಲ್ಲಿ, ಇದಕ್ಕೆಂದೇ ನಿನಗೆ ತೊಂದರೆ ಕೊಡುತ್ತಿಲ್ಲ ಎನ್ನುವ ಸಂಕೋಚವಿದೆ. 'ಒಂಚೂರು' ಕೆಲಸವನ್ನು ಚಿಕ್ಕದು ಮಾಡುತ್ತದೆ. 'ಬಿಡ್ತೀಯಾ' ಇಷ್ಟೇ ತಾನೆ ಎನ್ನುತ್ತದೆ. ಉಳಿದದ್ದನ್ನು ಎಳೆದ ರಾಗ ನೋಡಿಕೊಳ್ಳುತ್ತದೆ. ಇಂಗ್ಲಿಷಿನವರು 'ಪಾಸಿಬ್ಲಿ'ಯಲ್ಲಿ ಇಟ್ಟದ್ದನ್ನು ಅತ್ತೆ ವಾಕ್ಯದ ತುಂಬ ಹರಡಿದ್ದರು.

ತಕ್ಷಣ ಪ್ರಯೋಗಕ್ಕೆ ಇಳಿದರು. "ಏನಪ್ಪಾ, ಈ ಸ್ವಿಚ್ಚನ್ನು ಒಂಚೂರು ನೋಡಿಬಿಡುತ್ತೀಯಾ?" ಎಲೆಕ್ಟ್ರಿಷಿಯನ್ ಬೆಚ್ಚಿ ನೆಟ್ಟಗೆ ನಿಂತ.

"ಅಯ್ಯೋ ತಾಯಿ" ಎಂದರು ಅತ್ತೆ. "ಅವನನ್ನೇನು ಠಾಣೆಗೆ ಕರೀತಿದ್ದೀಯಾ? ಮಾತು ಸರಿ ಇದೆ, ದನಿ ಎಲ್ಲಿಟ್ಟೆ? ಎದುರಿಗೆ ಇರೋನು ಮನುಷ್ಯ ಅಂದ್ಕೊಂಡು ಕೇಳು."

ಅಂದಿನಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ಗಂಡನಿಗೆ ಪೇಪರು ಕೊಡಿ ಎನ್ನುವುದಕ್ಕೂ ಮೂರು ಬಗೆ. "ಪೇಪರು ಸ್ವಲ್ಪ ಈ ಕಡೆ", "ಓದಿ ಆಯ್ತಾ, ಕೊಡ್ತೀರಾ", "ಒಂದ್ನಿಮಿಷ ಕೊಡಿ, ನೋಡಿ ಕೊಡ್ತೀನಿ". ಮದುವೆಯಾಗಿ ಮೂವತ್ತು ವರ್ಷದ ಮೇಲೆ ಹೆಂಡತಿ ಇಷ್ಟು ಮೆತ್ತಗಾದದ್ದು ಕಂಡು ಅವರಿಗೆ ಗಾಬರಿ. "ಏನಾದ್ರೂ ದೊಡ್ಡ ಖರ್ಚಿದೆಯಾ?" ಎಂದು ಕೇಳಿದರು. ಅತ್ತೆ ಕೂತಲ್ಲಿಂದಲೇ ನಗುತ್ತಿದ್ದರು.

ಕಚೇರಿಯಲ್ಲಿ ಇನ್ನೊಂದು ಗಂಟು ಬಿಡಿಸಬೇಕಿತ್ತು. ಕರೆಗಳ ಧ್ವನಿಮುದ್ರಣ ಕೇಳಿ ತಪ್ಪು ಗುರುತು ಹಾಕುವ ಮೇಲ್ವಿಚಾರಕಿಯ ಹತ್ತಿರ ಮೇಡಂ ತಾವೇ ಹೋದರು. "ಡ್ರೈವರಿಗೆ ಅಣ್ಣಾ ಅಂದ್ರೆ ನಡೆಯುತ್ತಾ?"

"ಡಾಕ್ಟರು ಅಣ್ಣಾ ಅಂದಿರ್ತಾರಾ?"

"ಇಲ್ಲ. ಆದ್ರೆ ಅವರು ಪಾಸಿಬ್ಲಿ ಅಂದಿರ್ತಾರೆ, ನನಗೋಸ್ಕರ ಅಂದಿರ್ತಾರೆ, ಚಿಂತೆ ಬೇಡ ಅಂದಿರ್ತಾರೆ. ಅಷ್ಟು ಮೃದುತನ ಎಲ್ಲಾದ್ರೂ ಇಳೀಬೇಕಲ್ಲ. ನಾನು ಅದನ್ನ ಅಣ್ಣಾದಲ್ಲಿ, ಒಂದ್ಸಲದಲ್ಲಿ ಇಳಿಸ್ತೀನಿ. ಹೊಸದಾಗಿ ಏನೂ ಸೇರಿಸ್ತಿಲ್ಲ."

ಮೇಲ್ವಿಚಾರಕಿ ಪೆನ್ನಿನ ತುದಿ ಕಚ್ಚಿದರು. "ಅರ್ಥ ಕೂದಲೆಳೆ ಆಚೀಚೆ ಆಗಬಾರದು. ಸಲಿಗೆ ಜಾಸ್ತಿಯಾದ್ರೆ ಕೆಲವರಿಗೆ ಸಿಟ್ಟು ಬರುತ್ತೆ. ದೊಡ್ಡ ಆಫೀಸರು ಬಂದ್ರೆ ಸರ್ ಅನ್ನಿ. ಅಜ್ಜಿ ಬಂದ್ರೆ ಅಮ್ಮಾ ಅನ್ನಿ. ಎಲ್ಲರಿಗೂ ಒಂದೇ ಅಳತೆ ಅಂಗಿ ಹೊಲೀಬೇಡಿ."

"ನೀವು ಯಾವಾಗಿನಿಂದ ಹೀಗೆ ಮಾತಾಡ್ತಿದ್ದೀರಿ?" ಎಂದು ಕೇಳಿದರು ಮೇಡಂ.

"ಮೊದಲಿನಿಂದಲೂ. ನೀವೇ ಕೇಳಿರಲಿಲ್ಲ."

ಹತ್ತನೆಯ ದಿನ ಬಂತು. ಹೆಡ್‌ಫೋನು ಹಾಕಿಕೊಂಡರು ಮೇಡಂ. ಅವರಿಗೆ ಸುಳ್ಳು ಭರವಸೆಯೇನೂ ಇರಲಿಲ್ಲ. ಕಣ್ಣು ನಿಜವಾಗಿ ಕೆಟ್ಟಿದ್ದರೆ ಯಾವ ಮೃದು ಮಾತೂ ಅದನ್ನು ಸರಿಮಾಡದು. ಆದರೆ ಈ ಸಲ ಹಾಳೆಯ ಮೇಲೆ ಬರುವ ಕಪ್ಪು ಅವನ ಕಣ್ಣಿನದೇ ಆಗಿರಬೇಕು, ತನ್ನ ನಾಲಗೆಯದಾಗಬಾರದು. ಅದೊಂದೇ ಅವರ ಆಸೆ.

ಅದೇ ಹೆಂಗಸು, ಅದೇ ಬೆಣ್ಣೆ ಇಂಗ್ಲಿಷು. ಮೊದಲು ಗದ್ದವನ್ನು ಯಂತ್ರದ ಆನಿಕೆಯ ಮೇಲೆ ಇಡಲು ನಿಮಗೇನೂ ಬೇಸರವಿಲ್ಲ ತಾನೆ ಎಂದು ಕೇಳಿದಳು.

ಮೇಡಂ ಒಂದು ಉಸಿರು ಎಳೆದುಕೊಂಡರು. "ಗದ್ದ ಸ್ವಲ್ಪ ಆ ಆನಿಕೆ ಮೇಲೆ ಇಟ್ಕೊಳ್ತೀರಾ ಅಣ್ಣಾ?"

"ಇಟ್ಟೆ ಅಮ್ಮಾ."

ಮುಂದಿನದು ಗುಂಡಿಯ ಮಾತು. ಇಂಗ್ಲಿಷಿನಲ್ಲಿ ಅದೇ ಹಿಂದಿನಷ್ಟೇ ಉದ್ದ. ಮೇಡಂ ಪೂರ್ತಿ ಕೇಳಿಸಿಕೊಂಡರು. "ನೋಡಿ ಅಣ್ಣಾ, ಸುತ್ತ ಅಲ್ಲಲ್ಲಿ ಚುಕ್ಕಿ ಮಿನುಗತ್ತೆ. ತುಂಬಾ ಮಂಕಾಗಿರ್ತವೆ, ಎಷ್ಟೋ ಕಾಣೋದೇ ಇಲ್ಲ. ಬಂತೇನೋ ಅಂತ ಅನ್ಸಿದ್ರೂ ಸಾಕು, ಒಂದ್ಸಲ ಒತ್ಬಿಡಿ. ತಪ್ಪಿದ್ರೆ ತಪ್ಲಿ, ಏನೂ ಯೋಚ್ನೆ ಬೇಡ, ಎಲ್ಲರಿಗೂ ತಪ್ಪತ್ತೆ."

"ಅನ್ಸಿದ್ರೂ ಒತ್ಬಹುದಾ?" ಡ್ರೈವರನ ದನಿಯಲ್ಲಿ ಬೆರಗಿತ್ತು. ಮೇಡಂ ಪ್ರಶ್ನೆಯನ್ನು ಇಂಗ್ಲಿಷಿಗೆ ದಾಟಿಸಿದರು. ಖಂಡಿತ, ಅದೇ ತಾನೆ ನನಗೆ ಬೇಕಾದದ್ದು ಎಂದು ಆ ಕಡೆಯಿಂದ ಉತ್ತರ ಬಂತು. "ಹೌದಣ್ಣಾ, ಅವರಿಗೆ ಬೇಕಾಗಿರೋದೂ ಅದೇ ಅಂತೆ."

ಯಂತ್ರ ಗುಂಯ್‌ಗುಟ್ಟಿತು. ಟಿಕ್. ಸ್ವಲ್ಪ ಹೊತ್ತು ಮೌನ. ಟಿಕ್, ಟಿಕ್. ಮೇಡಂ ಎಣಿಸಲಿಲ್ಲ, ಎಣಿಸಿ ಪ್ರಯೋಜನವೂ ಇರಲಿಲ್ಲ. ಕಾಣದ ಚುಕ್ಕಿಗೆ ಸುಮ್ಮನೆ ಒತ್ತಿದರೂ ಯಂತ್ರ ಹಿಡಿಯುತ್ತದೆ. ಕಣ್ಣು ಮುಚ್ಚಿ ಕೂತರು. ಎರಡನೆಯ ಕಣ್ಣು ಮುಗಿಯುವಷ್ಟರಲ್ಲಿ ಅವರ ಲೋಟದ ನೀರು ಖಾಲಿಯಾಗಿತ್ತು.

ಡಾಕ್ಟರು ಹಾಳೆ ನೋಡುವ ಸದ್ದು ಕೇಳಿಸಿತು. ಆಮೇಲೆ ಒಂದೇ ಉಸಿರಿಗೆ ಹೇಳಿದರು. ಎರಡೂ ಕಣ್ಣಿನ ನೋಟದ ಅಂಚು ಸ್ವಚ್ಛವಾಗಿದೆ, ಸುಳ್ಳು ಒತ್ತಿದ್ದೂ ಇಲ್ಲ, ಹಾಳೆ ನಂಬುವಂತಿದೆ, ಪತ್ರ ಬರೆಯುವ ಪ್ರಶ್ನೆಯೇ ಇಲ್ಲ, ನಾಳೆಯಿಂದ ಬಸ್ಸು ಓಡಿಸಬಹುದು. ತುಂಬ ತೊಂದರೆಯಾಗದಿದ್ದರೆ ಬರುವ ವರ್ಷ ಒಮ್ಮೆ ಬಂದು ತೋರಿಸಲು ಸಾಧ್ಯವಾಗಬಹುದೇ ಎಂದೂ ಕೇಳಿದರು.

ಮೇಡಂ ಎಲ್ಲವನ್ನೂ ದಾಟಿಸಿದರು. ಕೊನೆಯದು ಹೀಗಿತ್ತು: "ಬರೋ ವರ್ಷ ಬಿಡುವು ಮಾಡ್ಕೊಂಡು ಒಂದ್ಸಲ ಬಂದು ತೋರಿಸಿ ಹೋಗ್ತೀರಾ ಅಣ್ಣಾ?"

"ಬರ್ತೀನಿ, ಬರ್ದೇ ಇರ್ತೀನಾ!" ಡ್ರೈವರನದು ಈಗ ಮಾತಿನ ಮಳೆ. "ಡಾಕ್ಟ್ರೇ, ಒಂದು ಮಾತು. ಹೋದ ಸಲ ಫೋನಲ್ಲಿ ಇನ್ನೊಬ್ರು ಮೇಡಂ ಇದ್ರಲ್ಲ, ಪಾಪ, ತಮ್ಮ ತಪ್ಪು ತಾವೇ ಒಪ್ಕೊಂಡ ದೊಡ್ಡ ಮನುಷ್ಯರೇ. ಆದ್ರೆ ಗೋಡೆಗೆ ಹಚ್ಚಿದ ನೋಟಿಸು ಬಾಯಿ ತೆಗೆದಂಗಿತ್ತು. ಕೈಕಾಲೇ ಆಡ್ಲಿಲ್ಲ ನಂಗೆ. ಮುಂದೆ ಬಂದಾಗ ಈ ಅಮ್ಮನ್ನೇ ಕೊಡಿ."

ಕೋಣೆಯಲ್ಲಿ ಆಡಿದ ಮಾತನ್ನೆಲ್ಲ ದಾಟಿಸಬೇಕು. ಮೇಡಂ ದಾಟಿಸಿದರು, ನೋಟಿಸು, ಗೋಡೆ, ಕೈಕಾಲು ಸಮೇತ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಇದೇ ದುಭಾಷಿಯನ್ನು ಕೇಳಿ ತರಿಸಿಕೊಂಡವರು ಅವರೇ ತಾನೆ. ನೀವೇ ಹೇಳುತ್ತೀರೋ, ನಾನು ಹೇಳಲೋ ಎಂದು ಕೇಳಿದರು.

"ಇದು ದುಭಾಷಿಯ ಮಾತು" ಎಂದರು ಮೇಡಂ. "ಅಣ್ಣಾ, ಆ ಮೇಡಂ ನಾನೇ."

ಆ ಕಡೆ ಅಕ್ಕ ಗೊಳ್ಳೆಂದು ನಕ್ಕಳು. ಡ್ರೈವರು ಮಾತ್ರ ತಬ್ಬಿಬ್ಬಾದ. "ಅಯ್ಯೋ ಶಿವನೇ! ತಪ್ಪು ತಿಳ್ಕೋಬೇಡಿ ಅಮ್ಮಾ. ಅಂದ್ರೆ... ಹತ್ತು ದಿನದಲ್ಲಿ ನೀವು ಇಷ್ಟು ಬದಲಾದದ್ದು ನನಗೋಸ್ಕರಾನಾ?" ಉತ್ತರಕ್ಕೂ ಅವನು ಕಾಯಲಿಲ್ಲ. "ನಾಳೆ ಬೆಳಗ್ಗೆ ಏಳಕ್ಕೆ ನನ್ನ ಬಸ್ಸು ಹೊರಡತ್ತೆ. ಯಾವತ್ತಾದ್ರೂ ಹತ್ತಿ. ಮುಖ ಗೊತ್ತಿಲ್ಲ, ಒಂದು ಮಾತಾಡಿ ಸಾಕು, ಮುಂದಿನ ಸೀಟು ನಿಮಗೆ ಇಟ್ಟಿರ್ತೀನಿ."

ಡಾಕ್ಟರು ಅವನು ಏನೆಂದ ಎಂದು ಕಾಯುತ್ತಿದ್ದರು. ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಮೇಡಂ ದನಿ ಎರಡು ಕಡೆ ನಡುಗಿತು. ಆದರೂ ಒಂದು ಮಾತನ್ನೂ ಬಿಡಲಿಲ್ಲ.